ಕಥೆಯಲ್ಲಿ ತಪ್ಪಿಹೋದ ದೃಶ್ಯಗಳನ್ನು ಉಚಿತ ತುಣುಕುಗಳಿಂದ ತುಂಬುವ ಕ್ರಮ



ಬೆಳೆಯ ಕಥೆಯನ್ನು ಮೊಬೈಲಿನಲ್ಲಿ ಚಿತ್ರಿಸಿ ನೆರೆಹೊರೆಯವರಿಗೆ ತೋರಿಸುವ ರೂಢಿ ಈಗ ಹಳ್ಳಿಹಳ್ಳಿಗೂ ಬಂದಿದೆ. ಆದರೆ ಮುಖ್ಯವಾದ ಗಳಿಗೆ ಬಂದಾಗ ನಮ್ಮ ಕೈ ಕೆಸರಿನಲ್ಲಿರುತ್ತದೆ, ಮೊಬೈಲು ಮನೆಯಲ್ಲಿರುತ್ತದೆ. ಕೂತು ಜೋಡಿಸಲು ಹೊರಟಾಗ ನಡುನಡುವೆ ಬಿರುಕು ಕಾಣುತ್ತದೆ. ಈ ಬಿರುಕುಗಳನ್ನು ಇತರರು ಉಚಿತವಾಗಿ ಬಳಸಲು ಬಿಟ್ಟಿರುವ ತುಣುಕುಗಳಿಂದ ತುಂಬಬಹುದು. ಯಾವುದನ್ನು ಹಾಗೆ ತುಂಬಬಹುದು, ಯಾವುದನ್ನು ಕೂಡದು, ತಂದ ತುಣುಕನ್ನು ನಮ್ಮ ತುಣುಕುಗಳ ಬಣ್ಣಕ್ಕೂ ಬೆಳಕಿಗೂ ಹೊಂದಿಸುವುದು ಹೇಗೆ ಎಂಬುದನ್ನು ಸಿರುಗುಪ್ಪ ತಾಲ್ಲೂಕಿನ ಕರೂರಿನ ರೈತರೊಬ್ಬರ ಕೆಲಸವನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಆಗ ಈ ಭಾಗದಲ್ಲಿ ಭತ್ತದ ನಾಟಿ ನಡೆದಿತ್ತು. ನಮ್ಮ ರೈತರು ಮೂರು ಎಕರೆ ನಾಟಿ ಮುಗಿಸಿದ್ದರು, ಇನ್ನೆರಡು ಎಕರೆಗೆ ಸಸಿ ಸಸಿಮಡಿಯಲ್ಲಿಯೇ ಇತ್ತು. ಕಾಲುವೆಯಲ್ಲಿ ನೀರು ಉಳಿಯುವುದೋ ಇಲ್ಲವೋ ಎಂಬ ಅಂಜಿಕೆಯಿಂದ ನಾಟಿ ನಿಲ್ಲಿಸಿದರು. ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿದ ಸುದ್ದಿ ಬಂದ ಮೇಲೆ ಮತ್ತೆ ಕೆಲಸ ಹಿಡಿದರು. ಅಷ್ಟು ಹೊತ್ತಿಗೆ ಸಸಿ ಬಲಿತಿತ್ತು. ಬಲಿತ ಸಸಿ ತೆಂಡೆ ಕಡಿಮೆ ಹೊಡೆಯುವುದರಿಂದ ಗುಣಿಗೆ ಎರಡು ಮೂರು ಸಸಿಯ ಬದಲು ನಾಲ್ಕರಂತೆ, ಸಾಲನ್ನೂ ಸ್ವಲ್ಪ ಹತ್ತಿರ ಮಾಡಿ ನೆಟ್ಟರು. ಆ ಎರಡು ಎಕರೆ ಕೈಬಿಡಲಿಲ್ಲ. ಮೂರು ನಿಮಿಷದ ಚಿತ್ರದಲ್ಲಿ ಅವರು ಹೇಳಬೇಕೆಂದಿದ್ದ ಮಾತು ಇದು.

ಅವರ ಮೊಬೈಲಿನಲ್ಲಿ ಹನ್ನೊಂದು ತುಣುಕುಗಳಿದ್ದವು. ಸಸಿಮಡಿ, ನಾಟಿಯಾದ ಗದ್ದೆ, ಸಂಜೆ ಐದರ ಮೋಡದ ಬೆಳಕಿನಲ್ಲಿ ಕಾಲುವೆಯ ನೀರು, ಬದುವಿನ ಮೇಲೆ ನಿಂತು ತಾವೇ ಆಡಿದ ಮಾತು, ಕೊನೆಗೆ ನವೆಂಬರಿನಲ್ಲಿ ಬಾಗಿದ ತೆನೆ. ಇಲ್ಲದೆ ಹೋದವು ಮೂರು: ಗೇಟು ಕಡಿದ ರಾತ್ರಿ, ಕಾಯ್ದು ಕುಳಿತ ಮಳೆಯ ದಿನಗಳು, ಬಲಿತ ಸಸಿಯನ್ನು ನೆಡುವ ಕೈ.

ಮೊದಲ ಸಲ ಅವರು ಸುಲಭವಾದ ದಾರಿ ಹಿಡಿದರು. ಉಚಿತ ತುಣುಕುಗಳ ತಾಣವೊಂದರಿಂದ ನೀರು ಧುಮ್ಮಿಕ್ಕುವ ಒಂದು ಅಣೆಕಟ್ಟಿನ ತುಣುಕನ್ನೂ, ಬೆಟ್ಟದ ಮೆಟ್ಟಿಲು ಗದ್ದೆಯಲ್ಲಿ ನಾಟಿ ಮಾಡುವುದನ್ನು ಆಕಾಶದಿಂದ ತೆಗೆದ ತುಣುಕನ್ನೂ ತಂದು ಸೇರಿಸಿದರು. ಎರಡೂ ನೋಡಲು ಬಲು ಅಂದವಾಗಿದ್ದವು. ಕಟ್ಟೆಯ ಮೇಲೆ ಕೂತು ನಾಲ್ಕು ಜನರಿಗೆ ತೋರಿಸಿದಾಗ ಅಣೆಕಟ್ಟು ಬಂದ ಕೂಡಲೇ ಒಬ್ಬರು, "ಇದ್ಯಾವ ಡ್ಯಾಮಣ್ಣ? ನಮ್ದಲ್ಲ ಬಿಡು" ಎಂದರು. ಅದು ಬಿಲ್ಲಿನಂತೆ ಬಾಗಿದ ಕಾಂಕ್ರೀಟಿನ ಕಟ್ಟೆ. ನಮ್ಮದು 33 ಗೇಟುಗಳ, ನೇರವಾದ ಕಲ್ಲಿನ ಕಟ್ಟಡ. ಹೊಸಪೇಟೆಗೆ ಒಮ್ಮೆ ಹೋಗಿ ಬಂದ ಮಗುವೂ ಅದನ್ನು ಗುರುತಿಸುತ್ತದೆ. ಮುಂದೆ ಬೆಟ್ಟದ ಗದ್ದೆ ಕಂಡಾಗ ನಗು ಎದ್ದಿತು. ಗುಣಿಗೆ ನಾಲ್ಕು ಸಸಿ ಎಂಬ ಮಾತು ಬರುವ ಹೊತ್ತಿಗೆ ಯಾರ ಗಮನವೂ ಚಿತ್ರದ ಮೇಲಿರಲಿಲ್ಲ. ಅವರ ಸ್ವಂತದ ಹನ್ನೊಂದು ತುಣುಕುಗಳೂ ಆ ಎರಡರ ಜೊತೆಗೆ ಸುಳ್ಳಾದವು.

ಇದು ಕರೂರಿಗೆ ಮಾತ್ರ ಸೇರಿದ ಸಂಗತಿಯಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಎಂಬ ಯೋಜನೆಯಲ್ಲಿ ಹಳ್ಳಿಯ ರೈತರನ್ನೇ ಚಿತ್ರೀಕರಿಸಿ ಸುತ್ತಲಿನ ಹಳ್ಳಿಗಳಲ್ಲಿ ತೋರಿಸಲಾಯಿತು. ಚಿತ್ರದಲ್ಲಿರುವ ರೈತ ಯಾರು, ಯಾವ ಊರಿನವನು ಎಂಬುದೇ ನೋಡಿದವರು ಮೊದಲು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದಾಗಿತ್ತು. ರೈತನ ಕಣ್ಣು ಚಿತ್ರದಲ್ಲಿ ಮೊದಲು ಮಣ್ಣನ್ನೂ ನೀರನ್ನೂ ಊರನ್ನೂ ಹುಡುಕುತ್ತದೆ.

ಯಾವುದನ್ನು ಎರವಲು ತರಬಹುದು?

ಬಿರುಕನ್ನು ತುಂಬುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಇಲ್ಲಿ ಕಾಣಬೇಕಾದ ವಸ್ತುವಿಗೆ ಹೆಸರುಂಟೋ? ಮಳೆಗೆ ಹೆಸರಿಲ್ಲ. ಮೋಡ, ನೀರಿನ ಮೇಲಿನ ಹನಿ, ಸೂರಿನಿಂದ ಇಳಿಯುವ ಧಾರೆ ಎಲ್ಲ ಊರಿನಲ್ಲೂ ಒಂದೇ. ಇವನ್ನು ಎರವಲು ತಂದರೆ ಯಾರಿಗೂ ಸುಳ್ಳು ಹೇಳಿದಂತಾಗದು. ತುಂಗಭದ್ರಾ ಅಣೆಕಟ್ಟಿಗೆ ಹೆಸರಿದೆ. ಸಿರುಗುಪ್ಪದ ಎರೆ ಭೂಮಿಗೂ ಇದೆ. ಹೆಸರುಳ್ಳ ವಸ್ತುವಿನ ಜಾಗದಲ್ಲಿ ಬೇರೊಂದನ್ನು ಇಟ್ಟರೆ ಬಣ್ಣ ಎಷ್ಟು ಚೆನ್ನಾಗಿ ಹೊಂದಿಸಿದರೂ ಅದು ಮೋಸವೇ. ವಾಸ್ತವವಾಗಿ ಹೊಂದಿಸಿದಷ್ಟೂ ಮೋಸ ಹೆಚ್ಚುತ್ತದೆ.

ಇನ್ನೊಂದು ಜಾತಿಯ ದೃಶ್ಯವಿದೆ, ಅದನ್ನಂತೂ ಎಂದಿಗೂ ಎರವಲು ತರತಕ್ಕದ್ದಲ್ಲ. ನೋಡುವವರು ಯಾವುದನ್ನು ನೋಡಿ ಹಾಗೆಯೇ ಮಾಡಬೇಕೋ ಆ ದೃಶ್ಯ ಅದು. ಕರೂರಿನ ಚಿತ್ರದಲ್ಲಿ ಗುಣಿಗೆ ನಾಲ್ಕು ಸಸಿ ನೆಡುವ ಕೈ ಅಂಥದು. ಬೇರೆ ದೇಶದ ತುಣುಕಿನಲ್ಲಿ ಆ ಕೈ ಎರಡು ಸಸಿ ನೆಟ್ಟರೆ ನಿಮ್ಮ ಬಾಯಿ ಒಂದು ಹೇಳುತ್ತದೆ, ಪರದೆ ಇನ್ನೊಂದು ತೋರಿಸುತ್ತದೆ. ಕೀಟದ ವಿಷಯದಲ್ಲಿ ಇದರಿಂದ ಹಣವೂ ಹೋಗುತ್ತದೆ. ನಮ್ಮ ಮೆಣಸಿನಕಾಯಿ ಹೊಲಗಳಲ್ಲಿ ಹಿಂದಿನಿಂದಲೂ ಇರುವ ಥ್ರಿಪ್ಸ್ ನುಸಿ ಎಲೆಯನ್ನು ಮೇಲ್ಮುಖವಾಗಿ ಮುದುರಿಸುತ್ತದೆ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ಕರ್ನಾಟಕದಲ್ಲಿ ಹಾವಳಿ ಮಾಡಿದ ಕಪ್ಪು ಥ್ರಿಪ್ಸ್ ಹೂವಿನೊಳಗೆ ಗುಂಪಾಗಿ ಸೇರುತ್ತದೆ. ಉಚಿತ ತಾಣದಲ್ಲಿ "thrips" ಎಂದು ಹುಡುಕಿದರೆ ಸಿಗುವುದು ಇವೆರಡೂ ಅಲ್ಲದ ಮೂರನೆಯದಾಗಿರಬಹುದು. ನಿಮ್ಮ ಚಿತ್ರ ನೋಡಿದ ನೆರೆಯವರು ತಮ್ಮ ಹೊಲದ ಹುಳುವನ್ನು ಅದರೊಂದಿಗೆ ಹೋಲಿಸಿ ಔಷಧಿ ತರುತ್ತಾರೆ ಎಂಬುದನ್ನು ಮರೆಯಬಾರದು.

ಆದುದರಿಂದ ನಮ್ಮ ರೈತರು ಮೂರು ಬಿರುಕುಗಳಿಗೆ ಮೂರು ಬೇರೆ ದಾರಿ ಹಿಡಿದರು. ನೆಡುವ ಕೈಯನ್ನು 2025ರ ನಾಟಿಯಲ್ಲಿ, ಸಸಿಮಡಿಯ ಮೂಲೆಯಲ್ಲಿ ಉಳಿಸಿದ್ದ ಬಲಿತ ಸಸಿಯಿಂದ ಹೊಸದಾಗಿ ಚಿತ್ರಿಸಿ, ಕೆಳಗೆ "2025ರಲ್ಲಿ ತೆಗೆದದ್ದು" ಎಂದು ಬರೆದರು. ಹತ್ತು ನಿಮಿಷದ ಕೆಲಸ. ಅಣೆಕಟ್ಟಿಗೆ ಓಡುವ ಚಿತ್ರದ ಬದಲು ವಿಕಿಮೀಡಿಯ ಕಾಮನ್ಸ್ ಎಂಬ ಸಾರ್ವಜನಿಕ ಭಂಡಾರದಿಂದ ತುಂಗಭದ್ರಾ ಅಣೆಕಟ್ಟಿನದೇ ಒಂದು ಸ್ಥಿರಚಿತ್ರ ತೆಗೆದುಕೊಂಡು, "ಗೇಟು ಕಡಿಯುವ ಮೊದಲಿನ ಚಿತ್ರ" ಎಂದು ಸೂಚಿಸಿದರು. ಆ ರಾತ್ರಿಗೆ ಮನೆಯ ಬಾಗಿಲು, ಹೊರಗಿನ ಕತ್ತಲೆ, ಒಂದು ಬಲ್ಬು, ಇಷ್ಟನ್ನು ತಾವೇ ತೆಗೆದು ಹಿನ್ನೆಲೆಯಲ್ಲಿ ಮಾತು ಹೇಳಿದರು. ಸುದ್ದಿವಾಹಿನಿಯವರ ತುಣುಕು ಮೊಬೈಲಿಗೆ ಬಂದಿತ್ತು, ಆದರೆ ಅದು ವಾಹಿನಿಯ ಸ್ವತ್ತು, ಅನುಮತಿ ಇಲ್ಲದೆ ಸೇರಿಸುವಂತಿಲ್ಲ. ನಿಜವಾಗಿ ಎರವಲು ತಂದದ್ದು ಮಳೆಯ ದಿನಗಳಿಗೆ ಬೇಕಾದ ಎರಡು ತುಣುಕು ಮಾತ್ರ: ಸೂರಿನಿಂದ ಇಳಿಯುವ ಹನಿ, ನಿಂತ ನೀರಿನ ಮೇಲೆ ಬೀಳುವ ಮಳೆ.

ಎಲ್ಲಿಂದ, ಯಾವ ಷರತ್ತಿನ ಮೇಲೆ

`pexels.com` ಮತ್ತು `pixabay.com` ಎಂಬ ಎರಡು ತಾಣಗಳಲ್ಲಿ ತುಣುಕುಗಳನ್ನು ಹಣ ಕೊಡದೆ ಇಳಿಸಿಕೊಂಡು, ಬದಲಾಯಿಸಿ, ಬಳಸಬಹುದು. ತೆಗೆದವರ ಹೆಸರು ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಇದ್ದದ್ದನ್ನು ಇದ್ದಂತೆಯೇ ಮಾರುವಂತಿಲ್ಲ, ಮುಖ ಗುರುತು ಸಿಗುವ ವ್ಯಕ್ತಿಯನ್ನು ಕೆಟ್ಟದಾಗಿ ತೋರಿಸುವಂತಿಲ್ಲ, ಆ ವ್ಯಕ್ತಿ ನಿಮ್ಮ ಬೀಜವನ್ನೋ ಗೊಬ್ಬರವನ್ನೋ ಶಿಫಾರಸು ಮಾಡುತ್ತಿದ್ದಾನೆಂಬ ಭಾವನೆ ಬರುವಂತೆ ಬಳಸುವಂತಿಲ್ಲ. ಆದುದರಿಂದ ಮುಖಗಳಿಲ್ಲದ ತುಣುಕೇ ಲೇಸು. ವಿಕಿಮೀಡಿಯ ಕಾಮನ್ಸಿನಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಷರತ್ತು. ಚಿತ್ರದ ಪುಟದಲ್ಲಿಯೇ ಅದು ಬರೆದಿರುತ್ತದೆ. `CC BY` ಎಂದಿದ್ದರೆ ತೆಗೆದವರ ಹೆಸರು ಮತ್ತು ಷರತ್ತಿನ ಹೆಸರು ಹಾಕಬೇಕು, ಬದಲಾವಣೆ ಮಾಡಿದ್ದರೆ ಅದನ್ನೂ ತಿಳಿಸಬೇಕು. `CC BY-SA` ಎಂದಿದ್ದರೆ ಅದನ್ನು ಮಾರ್ಪಡಿಸಿ ಮಾಡಿದ ಕೃತಿಯನ್ನೂ ಅದೇ ಷರತ್ತಿನಲ್ಲಿ ಇತರರಿಗೆ ಬಿಡಬೇಕು. ಉಚಿತವಾಗಿ ನೋಡಲು ಸಿಗುವುದೆಲ್ಲ ಉಚಿತವಾಗಿ ಬಳಸಲು ಸಿಗುವುದಲ್ಲ.

ಹುಡುಕುವಾಗ ಇಂಗ್ಲಿಷಿನಲ್ಲಿ ಬರೆದರೆ ಹೆಚ್ಚು ಸಿಗುತ್ತದೆ. ಬರಿದೆ "rain" ಎಂದರೆ ಪಟ್ಟಣದ ಗಾಜಿನ ಕಿಟಕಿಗಳೂ ಕೊಡೆ ಹಿಡಿದವರೂ ಬರುತ್ತಾರೆ. "rain on muddy water close up" ಎಂದು ಬರೆದರೆ ಬೇಕಾದದ್ದರ ಹತ್ತಿರ ಹೋಗುತ್ತೀರಿ.

ಆರಿಸುವಾಗಲೇ ಅರ್ಧ ಕೆಲಸ

ಸಂಕಲನದ ಆಪ್‌ನಲ್ಲಿ ಬಣ್ಣ ಬದಲಾಯಿಸಬಹುದು, ಬೆಳಕು ಬಂದ ದಿಕ್ಕನ್ನು ಬದಲಾಯಿಸಲಾಗದು. ನಿಮ್ಮ ತುಣುಕು ಮೋಡದ ದಿನದ್ದಾಗಿ ನೆರಳೇ ಇಲ್ಲದಿದ್ದರೆ, ಬಿಸಿಲಿನಲ್ಲಿ ತೆಗೆದ, ಚೂಪು ನೆರಳಿರುವ ತುಣುಕನ್ನು ಎಷ್ಟು ಮಂಕು ಮಾಡಿದರೂ ಅದು ಬಿಸಿಲಿನ ತುಣುಕಾಗಿಯೇ ಉಳಿಯುತ್ತದೆ. ಮಧ್ಯಾಹ್ನದ ಗಿಡ್ಡ ನೆರಳಿನ ಪಕ್ಕದಲ್ಲಿ ಸಂಜೆಯ ಉದ್ದ ನೆರಳು ಬಂದರೂ ಹಾಗೆಯೇ. ಆದುದರಿಂದ ಬಿರುಕಿನ ಹಿಂದಿನ ಮತ್ತು ಮುಂದಿನ ನಿಮ್ಮ ಸ್ವಂತ ತುಣುಕುಗಳನ್ನು ಮೊದಲು ನೋಡಿ, ಬೆಳಕು ಯಾವ ಕಡೆಯಿಂದ, ನೆರಳು ಎಂಥದು, ನೀರು ಎಡದಿಂದ ಬಲಕ್ಕೆ ಹರಿಯುತ್ತಿದೆಯೋ ಬಲದಿಂದ ಎಡಕ್ಕೋ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹುಡುಕಲು ಕೂರಿರಿ. ಹರಿವಿನ ದಿಕ್ಕು ತಿರುಗಿದ್ದರೆ ಕನ್ನಡಿಯಂತೆ ತಿರುಗಿಸುವ ಸೌಲಭ್ಯ ಆಪ್‌ನಲ್ಲಿದೆ. ಆದರೆ ತುಣುಕಿನಲ್ಲಿ ಬರಹವಿದ್ದರೆ ಅದು ಎಡಬಲ ತಿರುಗಿದಂತೆ ಕಾಣುತ್ತದೆ, ಬಲಗೈಯವರು ಎಡಗೈಯವರಾಗುತ್ತಾರೆ.

ಕ್ಯಾಮರಾದ ನಡಿಗೆಯನ್ನೂ ನೋಡಬೇಕು. ನಾವು ಕೈಯಲ್ಲಿ ಮೊಬೈಲು ಹಿಡಿದು ಎದೆಯ ಮಟ್ಟದಲ್ಲಿ ತೆಗೆಯುತ್ತೇವೆ. ತಾಣಗಳಲ್ಲಿ ಸಿಗುವ ಬಹಳಷ್ಟು ತುಣುಕುಗಳು ತೇಲುತ್ತಾ ಹೋಗುತ್ತವೆ, ಇಲ್ಲವೇ ಡ್ರೋನಿನಿಂದ ತೆಗೆದವು. ನಮ್ಮ ಅಲುಗಾಡುವ ಚಿತ್ರಗಳ ನಡುವೆ ಅವು ಸಿನಿಮಾದಂತೆ ಎದ್ದು ಕಾಣುತ್ತವೆ. ಕ್ಯಾಮರಾ ಅಲುಗದೆ ನಿಂತ, ಹತ್ತಿರದಿಂದ ತೆಗೆದ ತುಣುಕೇ ಬೇಗ ಹೊಂದುತ್ತದೆ. ಹತ್ತಿರದಿಂದ ತೆಗೆದದ್ದರಲ್ಲಿ ಪರವೂರಿನ ಮರ, ಮನೆ, ಮಣ್ಣು ಕಾಣದಿರುವುದು ಇನ್ನೊಂದು ಅನುಕೂಲ.

ಅಳತೆಯ ಮಾತು ಒಂದಿದೆ. ನಿಮ್ಮ ಚಿತ್ರ ಅಡ್ಡವಾಗಿ 1920 ಕ್ಕೆ 1080 ಚುಕ್ಕೆಗಳದ್ದಾಗಿದ್ದರೆ ಅದೇ ಅಳತೆಯ ತುಣುಕು ಸಾಕು. ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದ ಚಿತ್ರವಾದರೆ ಅಡ್ಡ ತುಣುಕಿನಿಂದ ನಿಂತ ಪಟ್ಟಿಯನ್ನು ಕತ್ತರಿಸಿಕೊಳ್ಳಬೇಕಾಗುತ್ತದೆ. 1080 ಎತ್ತರದ ತುಣುಕಿನಿಂದ ಕತ್ತರಿಸಿದರೆ ಅಗಲ 608 ಚುಕ್ಕೆ ಮಾತ್ರ ಉಳಿಯುತ್ತದೆ. ಹಿಗ್ಗಿಸಿದಾಗ ಮಸುಕಾಗುತ್ತದೆ. ಅದಕ್ಕೆ 4ಕೆ ಎನ್ನುವ 3840 ಕ್ಕೆ 2160 ಅಳತೆಯದನ್ನೇ ಇಳಿಸಿಕೊಳ್ಳಬೇಕು. ಕರೂರಿನವರು ಅಡ್ಡವಾಗಿಯೇ ತೆಗೆದಿದ್ದರಿಂದ ಈ ತೊಂದರೆ ಬರಲಿಲ್ಲ.

ವೇಗ ಸರಿಪಡಿಸುವುದು

ತಂದ ತುಣುಕಿನಲ್ಲಿ ಮೊದಲು ಕಾಣುವ ಪರಕೀಯತೆ ಬಣ್ಣದ್ದಲ್ಲ, ವೇಗದ್ದು. ನೀರಿನ ತುಣುಕುಗಳನ್ನು ಅಂದಕ್ಕಾಗಿ ನಿಧಾನಗತಿಯಲ್ಲಿ ತೆಗೆಯುವುದು ವಾಡಿಕೆ. ಕ್ಷಣಕ್ಕೆ 60 ಚೌಕಟ್ಟಿನಂತೆ ತೆಗೆದು 24ರಂತೆ ಓಡಿಸಿದರೆ ಎಲ್ಲವೂ ಎರಡೂವರೆ ಪಟ್ಟು ನಿಧಾನವಾಗುತ್ತದೆ. ನಮ್ಮ ಕಾಲುವೆಯ ನೀರು ಸಹಜವಾಗಿ ಹರಿದು, ಮುಂದಿನ ಕ್ಷಣದಲ್ಲಿ ಮಳೆಹನಿ ತೇಲುತ್ತಾ ಬಿದ್ದರೆ ನೋಡುವವನಿಗೆ ಕಾರಣ ತಿಳಿಯದಿದ್ದರೂ ಮನಸ್ಸು ಒಪ್ಪುವುದಿಲ್ಲ.

ಇದನ್ನು ಅಳೆಯಲು ಒಂದು ಸರಳ ಉಪಾಯವಿದೆ. ಕೈಬಿಟ್ಟ ವಸ್ತು ನಾಲ್ಕು ಅಡಿ ಬೀಳಲು ಅರ್ಧ ಸೆಕೆಂಡು ಹಿಡಿಯುತ್ತದೆ. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟು ತೆಗೆಯುವುದರಿಂದ ನಮ್ಮ ಚಿತ್ರದಲ್ಲಿ ಅದು 15 ಚೌಕಟ್ಟು. ಸೂರಿನ ಹನಿಯ ತುಣುಕನ್ನು 30ರ ಯೋಜನೆಯೊಳಗೆ ಇಟ್ಟು, ಹನಿ ಸೂರು ಬಿಟ್ಟಾಗಿನಿಂದ ಸುಮಾರು ನಾಲ್ಕು ಅಡಿ ಕೆಳಗಿದ್ದ ಕಟ್ಟೆಗೆ ತಾಗುವವರೆಗೆ ಒಂದೊಂದೇ ಚೌಕಟ್ಟು ಸರಿಸಿ ಎಣಿಸಿದಾಗ 37 ಬಂದಿತು. 37ನ್ನು 15ರಿಂದ ಭಾಗಿಸಿದರೆ ಸುಮಾರು ಎರಡೂವರೆ. ವೇಗವನ್ನು 2.5 ಪಟ್ಟು ಏರಿಸಿದರು, ಹನಿ ಹನಿಯಂತೆ ಬಿದ್ದಿತು. ಎತ್ತರ ಅಂದಾಜೇ ಆದುದರಿಂದ ಅಂಕಿ ಕರಾರುವಾಕ್ಕಾಗಿ ಇರದು, ಆದರೆ ಕಣ್ಣಿಗೆ ಇಷ್ಟು ಸಾಕು. ವೇಗ ಏರಿಸಿದಾಗ ತುಣುಕಿನ ಉದ್ದವೂ ಅಷ್ಟೇ ಪಾಲು ಕುಗ್ಗುತ್ತದೆ. ಮೂರು ಸೆಕೆಂಡು ಬೇಕಾದರೆ ಏಳೂವರೆ ಸೆಕೆಂಡಿನದನ್ನು ತಂದಿರಬೇಕು.

ಬೆಳಕು ಮೊದಲು, ಬಣ್ಣ ಆಮೇಲೆ

ಎರವಲು ತುಣುಕಿಗೆ ಕೈ ಹಾಕುವ ಮುಂಚೆ ನಿಮ್ಮ ಸ್ವಂತ ತುಣುಕುಗಳನ್ನು ಒಂದಕ್ಕೊಂದು ಹೊಂದಿಸಿರಿ. ಮೊಬೈಲು ತನ್ನಷ್ಟಕ್ಕೆ ಬೆಳಕನ್ನೂ ಬಣ್ಣವನ್ನೂ ಬದಲಾಯಿಸುತ್ತಿರುವುದರಿಂದ ಒಂದೇ ಸಂಜೆಯ ಎರಡು ತುಣುಕುಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಮನೆಯೊಳಗೆ ಹೊಂದಿಕೆಯಿಲ್ಲದಿದ್ದರೆ ಬಂದ ನೆಂಟ ಯಾರಿಗೆ ಹೊಂದಬೇಕು? ಬಿರುಕಿನ ಪಕ್ಕದ ಒಂದು ತುಣುಕನ್ನು ಮಾದರಿಯೆಂದು ನಿಶ್ಚಯಿಸಿಕೊಳ್ಳಿ. ನಮ್ಮವರು ಸಂಜೆ ಐದರ ಕಾಲುವೆಯನ್ನು ಮಾದರಿ ಮಾಡಿಕೊಂಡರು.

ಒಂದು ಎಚ್ಚರಿಕೆ: ವಾಟ್ಸಾಪಿನಲ್ಲಿ ವೀಡಿಯೊ ಎಂದು ಕಳಿಸಿದ ತುಣುಕು ದಾರಿಯಲ್ಲಿ ಸಣ್ಣದಾಗಿ, ಕಲಸಿದಂತಾಗಿ ಬರುತ್ತದೆ. ಅಳಿಯನೋ ತಮ್ಮನೋ ತೆಗೆದ ತುಣುಕು ಬೇಕಾದರೆ ಅದನ್ನು ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿರಿ, ಮೂಲದಂತೆಯೇ ಬರುತ್ತದೆ. ಹಾಗೆಯೇ ಹೊಸ ಮೊಬೈಲುಗಳಲ್ಲಿ ಎಚ್‌ಡಿಆರ್ ಎಂಬ ಕ್ರಮದಲ್ಲಿ ತೆಗೆದ ವೀಡಿಯೊ ಕೆಲವು ಆಪ್‌ಗಳಲ್ಲಿ ಬಿಳಚಿಕೊಂಡು ಕಾಣುತ್ತದೆ. ಚಿತ್ರ ತೆಗೆಯುವ ಮೊದಲೇ ಅದನ್ನು ಆರಿಸಿಡುವುದು ಒಳ್ಳೆಯದು.

ಈಗ ಹೊಂದಿಸುವ ಕೆಲಸ. ಮಾದರಿ ತುಣುಕು ಮತ್ತು ಎರವಲು ತುಣುಕು ಎರಡರಲ್ಲೂ ಸ್ಯಾಚುರೇಷನ್ ಎಂಬ ಬಣ್ಣದ ಅಳತೆಯನ್ನು ಪೂರ್ತಿ ಕೆಳಗಿಳಿಸಿ. ಎರಡೂ ಕಪ್ಪುಬಿಳುಪಾಗುತ್ತವೆ. ಬಣ್ಣ ಹೋದ ಮೇಲೆ ಬೆಳಕಿನ ವ್ಯತ್ಯಾಸ ಕಣ್ಣಿಗೆ ನೇರವಾಗಿ ಕಾಣುತ್ತದೆ. ಕರೂರಿನ ಕಾಲುವೆಯಲ್ಲಿ ಕಲ್ಲುಗಳ ಸಂದು ಚೆನ್ನಾಗಿ ಕಪ್ಪಾಗಿತ್ತು, ಮೋಡದ ಪ್ರತಿಬಿಂಬ ಬೂದು ಬಿಳುಪಾಗಿತ್ತು. ನಿಂತ ನೀರಿನ ಎರವಲು ತುಣುಕಿನಲ್ಲಿ ಅತಿ ಕಪ್ಪಾದ ಜಾಗವೂ ಬೂದಿಯಂತಿತ್ತು. ಸಿನಿಮಾದ ಸೊಗಸು ಬರಲೆಂದು ತಾಣಗಳ ತುಣುಕುಗಳಲ್ಲಿ ಕಪ್ಪನ್ನು ಹೀಗೆ ಎತ್ತಿರುವುದುಂಟು. ಶ್ಯಾಡೋ ಎಂಬ ಅಳತೆಯನ್ನು ಇಳಿಸಿ, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಕಪ್ಪಿಗೆ ಕಪ್ಪು ಸರಿಹೋದ ಮೇಲೆ ಎಕ್ಸ್‌ಪೋಷರ್ ಅಳತೆಯಿಂದ ಬಿಳುಪಿಗೆ ಬಿಳುಪು ಸರಿಮಾಡಿದರು. ಈ ಕ್ರಮ ತಪ್ಪಿ ಮೊದಲೇ ಬಣ್ಣಕ್ಕೆ ಹೋದರೆ ಒಂದನ್ನು ಸರಿಮಾಡುವಾಗ ಇನ್ನೊಂದು ಕೆಟ್ಟು, ಕೆಲಸ ಮುಗಿಯುವುದೇ ಇಲ್ಲ.

ನಂತರ ಬಣ್ಣವನ್ನು ಹಿಂದಕ್ಕೆ ತರಬೇಕು. ಬಣ್ಣ ಹೊಂದಿಸಲು ಎರಡೂ ಕಡೆ ಇರುವ, ಸ್ವಂತ ಬಣ್ಣವಿಲ್ಲದ ಒಂದು ವಸ್ತುವನ್ನು ಹುಡುಕಿರಿ. ಬಿಳಿ ಪಂಚೆ, ಸಿಮೆಂಟಿನ ಗೋಡೆ, ಮೋಡ. ನಿಂತ ನೀರಿನ ತುಣುಕಿನಲ್ಲಿ ಪಂಚೆಯೂ ಇಲ್ಲ, ಗೋಡೆಯೂ ಇಲ್ಲ, ಆದರೆ ನೀರಿನಲ್ಲಿ ಮೋಡದ ಪ್ರತಿಬಿಂಬವಿತ್ತು. ಮಾದರಿಯ ಕಾಲುವೆಯಲ್ಲೂ ಇತ್ತು. ಎರವಲಿನ ಮೋಡ ನೀಲಿಗೂ ಹಸಿರಿಗೂ ವಾಲಿತ್ತು. ಟೆಂಪರೇಚರ್ ಎಂಬ ಅಳತೆಯನ್ನು ಹಳದಿಯ ಕಡೆಗೆ ಸ್ವಲ್ಪ ಸರಿಸಿದಾಗ ನೀಲಿ ಹೋಯಿತು. ಟಿಂಟ್ ಎಂಬುದನ್ನು ಹಸಿರಿನಿಂದ ದೂರಕ್ಕೆ, ಅದಕ್ಕಿಂತಲೂ ಸ್ವಲ್ಪ, ಸರಿಸಿದಾಗ ಎರಡು ಮೋಡಗಳೂ ಒಂದೇ ಬೂದಿಯಾದವು.

ಇಲ್ಲಿ ಒಂದು ತೊಡಕು ಬಂದಿತು. ಆಗಸ್ಟಿನಲ್ಲಿ ನಮ್ಮ ಕಾಲುವೆಯ ನೀರು ಕೆಂಪು ಬೆರೆತ ರಾಡಿ. ಎರವಲಿನ ನೀರು ಕಡುಹಸಿರು. ಅದನ್ನು ರಾಡಿಯ ಬಣ್ಣಕ್ಕೆ ತರಲೆಂದು ಟೆಂಪರೇಚರನ್ನು ಇನ್ನೂ ಏರಿಸಿದಾಗ ಮೋಡ ಹಳದಿಯಾಯಿತು, ದಂಡೆಯಲ್ಲಿದ್ದ ಹುಲ್ಲು ರೋಗ ಹಿಡಿದಂತಾಯಿತು. ಒಂದು ಅಳತೆಯಿಂದ ಎರಡು ಕೆಲಸ ಮಾಡಿಸಲು ಹೋದರೆ ಹೀಗಾಗುತ್ತದೆ. ಅವರು ಟೆಂಪರೇಚರನ್ನು ಹಿಂದಕ್ಕೆ ತಂದು, ಹುಲ್ಲು ಕಾಣದಂತೆ ಚೌಕಟ್ಟನ್ನು ಬಿಗಿ ಮಾಡಿ, ಸ್ಯಾಚುರೇಷನ್ ಇಳಿಸಿದರು. ಹಸಿರು ಬಹುಪಾಲು ಸತ್ತು ನೀರು ಬೂದಿ ಬಣ್ಣಕ್ಕೆ ಬಂದಿತು. ರಾಡಿಯಾಗಲಿಲ್ಲ, ಆದರೆ ಅದು ಕಾಲುವೆಯಲ್ಲ, ಎಲ್ಲೋ ನಿಂತ ಮಳೆನೀರು ಎಂದು ಒಪ್ಪುವಂತಾಯಿತು. ಎರವಲು ತುಣುಕು ಕಾಲುವೆಯೆಂದು ನಟಿಸಬೇಕಾಗಿಯೂ ಇರಲಿಲ್ಲ.

ಕೊನೆಯದು ಚೂಪು. ಮೊಬೈಲು ಅಂಚುಗಳನ್ನು ತಾನೇ ಚೂಪು ಮಾಡುತ್ತದೆ. ಮಬ್ಬು ಬೆಳಕಿನಲ್ಲಿ ಚಿತ್ರದ ಮೇಲೆ ನವಣೆ ಚೆಲ್ಲಿದಂತೆ ಕಾಳುಕಾಳು ಕಾಣಿಸುತ್ತದೆ. ದೊಡ್ಡ ಕ್ಯಾಮರಾದಲ್ಲಿ ತೆಗೆದ ತುಣುಕು ನುಣ್ಣಗೆ, ಮೃದುವಾಗಿರುತ್ತದೆ. ಗ್ರೇನ್ ಎಂಬ ಅಳತೆ ಆಪ್‌ನಲ್ಲಿದ್ದರೆ ಎರವಲು ತುಣುಕಿಗೆ ಅತಿ ಸ್ವಲ್ಪ ಸೇರಿಸಬಹುದು. ಮೊಬೈಲಿನ ಸಣ್ಣ ಪರದೆಯಲ್ಲಿ ಇದು ಅಷ್ಟಾಗಿ ತಿಳಿಯದು. ಶಾಲೆಯ ಟಿವಿಯಲ್ಲಿ ತೋರಿಸುವುದಿದ್ದರೆ ಮಾತ್ರ ಇದಕ್ಕೆ ಹೊತ್ತು ಕೊಡಿ.

ಆಪ್‌ಗಳಲ್ಲಿ ಸಿದ್ಧವಾಗಿ ಸಿಗುವ ಫಿಲ್ಟರುಗಳನ್ನು ಎಲ್ಲ ತುಣುಕಿಗೂ ಒಂದೇ ಸಲ ಹಾಕಿದರೆ ಹೊಂದಿಕೆ ತಾನೇ ಬರುವುದೆಂದು ಕೆಲವರು ನಂಬುತ್ತಾರೆ. ಬರುವುದಿಲ್ಲ. ವ್ಯತ್ಯಾಸವಿದ್ದ ಎರಡರ ಮೇಲೂ ಒಂದೇ ಬಣ್ಣ ಬಳಿದರೆ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಮೇಲಾಗಿ ಬೆಳೆಯ ಚಿತ್ರದಲ್ಲಿ ಎಲೆಯ ಬಣ್ಣವೇ ಸಾಕ್ಷಿ. ಸಾರಜನಕ ಕಡಿಮೆಯಾಗಿ ಹಳದಿಯಾದ ಎಲೆಯನ್ನು ಫಿಲ್ಟರು ಹಸಿರು ಮಾಡಿದರೆ ನೀವು ಬಾಯಲ್ಲಿ ಹೇಳುವ ಮಾತನ್ನು ಪರದೆ ಅಲ್ಲಗಳೆಯುತ್ತದೆ. ಬೆಳೆಯ ತುಣುಕನ್ನು ಅದರ ನಿಜ ಬಣ್ಣದಲ್ಲಿ ಬಿಟ್ಟು, ಎರವಲು ತುಣುಕನ್ನೇ ಅದರ ಹತ್ತಿರಕ್ಕೆ ತರತಕ್ಕದ್ದು.

ಸದ್ದಿನ ಹೊಲಿಗೆ

ಉಚಿತ ತುಣುಕುಗಳಲ್ಲಿ ಬಹಳಷ್ಟಕ್ಕೆ ಸದ್ದೇ ಇರುವುದಿಲ್ಲ. ಹೊಲದ ಸದ್ದು ಕೇಳುತ್ತಿದ್ದು ಮೂರು ಸೆಕೆಂಡು ಮೌನವಾಗಿ ಮತ್ತೆ ಸದ್ದು ಬಂದರೆ, ಬಣ್ಣ ಎಷ್ಟು ಹೊಂದಿಸಿದರೂ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಕಾಲುವೆಯ ಬಳಿ ಮಾತಾಡದೆ ನಿಂತು ಒಂದು ನಿಮಿಷದ ಸದ್ದನ್ನು ಮೊಬೈಲಿನಲ್ಲಿ ತುಂಬಿಕೊಳ್ಳಿರಿ. ನೀರಿನ ಸದ್ದು, ಕಪ್ಪೆ, ದೂರದ ಟ್ರ್ಯಾಕ್ಟರು ಏನಿದ್ದರೂ ಇರಲಿ. ಅದನ್ನು ಸ್ವಂತ ತುಣುಕಿನಿಂದ ಎರವಲು ತುಣುಕಿನ ಕೆಳಗೆ ಹಾಯಿಸಿ ಮತ್ತೆ ಸ್ವಂತ ತುಣುಕಿನವರೆಗೆ ಕಡಿಯದೆ ಎಳೆಯಿರಿ. ಕರೂರಿನವರು ಮಳೆಯ ತುಣುಕುಗಳ ಕೆಳಗೆ ತಮ್ಮ ಮನೆಯ ತಗಡಿನ ಮೇಲೆ ಬಿದ್ದ ಮಳೆಯ ಸದ್ದನ್ನು ಹಾಕಿದರು. ನನ್ನ ಅಭಿಪ್ರಾಯದಲ್ಲಿ ಬಣ್ಣಕ್ಕೆ ಪಟ್ಟ ಶ್ರಮಕ್ಕಿಂತ ಇದೇ ಹೆಚ್ಚು ಕೆಲಸ ಮಾಡಿತು.

ಎರವಲು ತುಣುಕನ್ನು ಹೆಚ್ಚು ಹೊತ್ತು ನಿಲ್ಲಿಸಬಾರದು. ಎರಡರಿಂದ ನಾಲ್ಕು ಸೆಕೆಂಡು ಸಾಕು. ಅದಕ್ಕಿಂತ ಹೆಚ್ಚಾದರೆ ನೋಡುವವನು ಮಾತು ಕೇಳುವುದನ್ನು ಬಿಟ್ಟು ದೃಶ್ಯದ ಮೂಲೆಗಳನ್ನು ಹುಡುಕತೊಡಗುತ್ತಾನೆ. ಸೂರಿನ ಹನಿಗೆ ಮೂರು, ನಿಂತ ನೀರಿಗೆ ಮೂರು, ಒಟ್ಟು ಆರು ಸೆಕೆಂಡಿನಲ್ಲಿ ಕಾಯ್ದು ಕುಳಿತ ದಿನಗಳು ಕಳೆದವು.

ಪರೀಕ್ಷೆ

ಜೋಡಿಸಿದ ಚಿತ್ರವನ್ನು ಒಂದು ರಾತ್ರಿ ಬಿಟ್ಟು ಮರುದಿನ ನೋಡಿರಿ. ಬಹಳ ಹೊತ್ತು ನೋಡಿದ ಕಣ್ಣು ಯಾವ ಬಣ್ಣಕ್ಕಾದರೂ ಒಗ್ಗಿಹೋಗಿರುತ್ತದೆ. ಪರದೆಯ ಪ್ರಕಾಶವನ್ನು ಮಧ್ಯಕ್ಕೆ ಇಟ್ಟು, ರಾತ್ರಿಯ ಕಣ್ಣಿನ ರಕ್ಷಣೆಗೆಂದು ಪರದೆಯನ್ನು ಹಳದಿ ಮಾಡುವ ಸೌಲಭ್ಯವನ್ನು ಆರಿಸಿ ನೋಡಬೇಕು. ಅದು ಉರಿಯುತ್ತಿರುವಾಗ ಹೊಂದಿಸಿದ ಬಣ್ಣವೆಲ್ಲ ಬೆಳಿಗ್ಗೆ ನೀಲಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಆಮೇಲೆ ಕೆಲಸದ ವಿಷಯ ತಿಳಿಯದ ಒಬ್ಬರಿಗೆ ತೋರಿಸಿ, "ಇದರಲ್ಲಿ ನಮ್ಮೂರಿನದಲ್ಲದ್ದು ಯಾವುದು?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಹುಡುಕಿಯೇ ಹುಡುಕುತ್ತಾರೆ. ಚಿತ್ರ ಏನು ಹೇಳಿತು ಎಂದು ಕೇಳಿರಿ. ನಮ್ಮ ರೈತರು ಎರಡನೆಯ ಸಲ ಕಟ್ಟೆಯ ಮೇಲೆ ತೋರಿಸಿದಾಗ ಮೊದಲು ಬಂದ ಪ್ರಶ್ನೆ, "ಅಣ್ಣ, ಸಾಲು ಎಷ್ಟು ಹತ್ತಿರ ಮಾಡಿದ್ರಿ?" ಎಂಬುದಾಗಿತ್ತು.

ಮಳೆಯ ಎರಡು ತುಣುಕುಗಳ ಮೂಲೆಯಲ್ಲಿ ಅವರು ಸಣ್ಣಕ್ಷರದಲ್ಲಿ "ಸಾಂದರ್ಭಿಕ ದೃಶ್ಯ" ಎಂದು ಬರೆದರು. ಪತ್ರಿಕೆಗಳಲ್ಲಿ "ಸಾಂದರ್ಭಿಕ ಚಿತ್ರ" ಎಂದು ಓದಿ ರೂಢಿಯಾದ ಮಾತಾದ್ದರಿಂದ ಯಾರೂ ತಡವರಿಸಲಿಲ್ಲ. ಕೊನೆಯಲ್ಲಿ ನಾಲ್ಕು ಸೆಕೆಂಡಿನ ಕಪ್ಪು ಹಲಗೆಯ ಮೇಲೆ ಹೀಗೆ ಬರೆದರು: ಗದ್ದೆ ಮತ್ತು ಕಾಲುವೆ, ಕರೂರು, 2024. ನಾಟಿಯ ಕೈ, ಕರೂರು, 2025. ಮಳೆಯ ದೃಶ್ಯಗಳು, ಉಚಿತ ತಾಣದಿಂದ, ಬಣ್ಣ ಮತ್ತು ವೇಗ ಬದಲಾಯಿಸಿದೆ. ಅದರ ಕೆಳಗೆ ಅಣೆಕಟ್ಟಿನ ಸ್ಥಿರಚಿತ್ರ ತೆಗೆದವರ ಹೆಸರು ಮತ್ತು ಅದರ ಷರತ್ತು. ತುಣುಕುಗಳನ್ನು ಇಳಿಸಿಕೊಂಡ ಪುಟದ ವಿಳಾಸವನ್ನೂ ದಿನಾಂಕವನ್ನೂ ಬೀಜ ಗೊಬ್ಬರದ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ.